ಟ್ವಿಸ್ಟ್ ಬಿಟ್ಟುಕೊಡದೆ ಕಿರುಚಿತ್ರದ ಟ್ರೈಲರ್ ಕಟ್ ಮಾಡುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಿರುಚಿತ್ರದಲ್ಲಿ ಗುಟ್ಟು ಅಡಗಿಸಿಡಲು ಜಾಗವೇ ಇರುವುದಿಲ್ಲ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಹತ್ತಿಪ್ಪತ್ತು ಪಾತ್ರ ಇರುತ್ತವೆ, ಹಾಡು ಇರುತ್ತದೆ, ಫೈಟ್ ಇರುತ್ತದೆ. ಟ್ರೈಲರ್‌ನಲ್ಲಿ ಏನನ್ನು ಬಿಟ್ಟರೂ ಯಾರಿಗೂ ಗೊತ್ತಾಗುವುದಿಲ್ಲ. 16 ನಿಮಿಷದ ಚಿತ್ರದಲ್ಲಿ ಮೂರು ಮುಖ, ಒಂದು ಮನೆ, ಒಂದು ಘಟನೆ ಅಷ್ಟೇ. ಒಂದು ಶಾಟ್ ಜಾಸ್ತಿ ತೋರಿಸಿದರೆ ಕಥೆಯೇ ಖಾಲಿ. ಕಮ್ಮಿ ತೋರಿಸಿದರೆ ಮಂಜು, ತೋಟ, ಪಿಟೀಲು ಬಿಟ್ಟು ಬೇರೇನೂ ಉಳಿಯುವುದಿಲ್ಲ. ನಮ್ಮ ಹಾಸನ, ಚಿಕ್ಕಮಗಳೂರು ಕಡೆಯ ಟ್ರೈಲರ್‌ಗಳಲ್ಲಿ ಎರಡನೆಯದನ್ನೇ ನಾನು ಜಾಸ್ತಿ ನೋಡುತ್ತೇನೆ. ನೋಡಲು ಚೆನ್ನಾಗಿರುತ್ತದೆ, ಆದರೆ ಮುಂದೇನಾಗುತ್ತದೆ ಎಂದು ಕೇಳಬೇಕು ಅನಿಸುವುದಿಲ್ಲ.

ಒಂದೇ ಚಿತ್ರ ಇಟ್ಟುಕೊಂಡು ಪೂರ್ತಿ ಕೆಲಸ ಹೇಳುತ್ತೇನೆ. ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಗೆಳೆಯರು ತೆಗೆದ ಚಿತ್ರ ಇದು, ಟ್ರೈಲರ್ ಕಟ್ ಮಾಡಿದ್ದು ನಾನು. ಚಿತ್ರ ಈಗಾಗಲೇ ಹೊರಗೆ ಬಂದಿದೆ, ಹಾಗಾಗಿ ಟ್ವಿಸ್ಟ್ ಹೇಳಲು ನಿರ್ದೇಶಕರ ಒಪ್ಪಿಗೆಯೂ ಇದೆ.

ಕಥೆ ಇಷ್ಟು. ಕೊಯ್ಲಿನ ಸಮಯ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮೊಮ್ಮಗ ತೋಟ ನೋಡಿಕೊಳ್ಳುತ್ತಿದ್ದಾನೆ. ಗೋದಾಮಿನಿಂದ ರಾತ್ರಿ ಹೊತ್ತು ಕಾಫಿ ಮೂಟೆಗಳು ಕಾಣೆಯಾಗುತ್ತವೆ. ಬೀಗದ ಕೈ ಇರುವುದು ತೋಟದ ಲೆಕ್ಕ, ಆಳು ಎಲ್ಲವನ್ನೂ ನೋಡಿಕೊಳ್ಳುವ ರೈಟರ್ ಹತ್ತಿರ. ಅನುಮಾನ ಅವರ ಮೇಲೆ ಬರುತ್ತದೆ. ಕೊನೆಗೆ ನೋಡಿದರೆ ಮೂಟೆ ಸಾಗಿಸುತ್ತಿದ್ದದ್ದು ಮನೆಯ ಅಜ್ಜ. ಅವರಿಗೆ ಮರೆವಿನ ಕಾಯಿಲೆ. ಬೆಳೆದ ಕಾಫಿಯನ್ನು ತಾವೇ ಮಾರುವ ಹಾಗಿಲ್ಲದೆ, ಕಾಫಿ ಬೋರ್ಡ್ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುತ್ತಿದ್ದ ಪೂಲ್‌ಗೇ ಕೊಡಬೇಕಿದ್ದ ಹಳೇ ಕಾಲದಲ್ಲೇ ಅವರ ಮನಸ್ಸು ನಿಂತುಬಿಟ್ಟಿದೆ. ಬೋರ್ಡಿನವರು ಬರುವುದರೊಳಗೆ ನಾಲ್ಕು ಮೂಟೆ ಮನೆಗೆ ಉಳಿಸಿಕೊಳ್ಳಬೇಕು ಎಂದು ಕೈಗಾಡಿಯಲ್ಲಿ, ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಹಳೇ ಪಲ್ಪರ್ ಮನೆಗೆ ಸಾಗಿಸಿ ಬಚ್ಚಿಡುತ್ತಿದ್ದಾರೆ.

ಹಂತ 1: ಟ್ವಿಸ್ಟನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಆಮೇಲೆ ಒಡೆಯಿರಿ

ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವ ಮೊದಲು ಕಾಗದದಲ್ಲಿ ಬರೆಯಿರಿ: "ಮೂಟೆ ಸಾಗಿಸುತ್ತಿರುವುದು ಅಜ್ಜ, ಕದಿಯಲು ಅಲ್ಲ, ಹಳೇ ಕಾಲದ ಭಯಕ್ಕೆ."

ಈ ವಾಕ್ಯದಲ್ಲಿ ಒಂದಲ್ಲ, ಮೂರು ಗುಟ್ಟುಗಳಿವೆ. ಮಾಡಿದವರು ಅಜ್ಜ ಎನ್ನುವುದು ಒಂದು. ಇದು ಕಳ್ಳತನವೇ ಅಲ್ಲ ಎನ್ನುವುದು ಇನ್ನೊಂದು. ಕಾರಣ ಹಳೇ ಪೂಲ್ ಪದ್ಧತಿ ಎನ್ನುವುದು ಮೂರನೆಯದು. ಇವುಗಳಲ್ಲಿ ಯಾವುದಾದರೂ ಒಂದು ಹೊರಬಿದ್ದರೆ ಉಳಿದೆರಡನ್ನು ನೋಡುವವರು ತಾವೇ ಊಹಿಸಿಕೊಳ್ಳುತ್ತಾರೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕಾಯುತ್ತಾರೆ, ಅಜ್ಜನ ಮುಖ ತೋರಿಸದಿದ್ದರೆ ಸಾಕು ಅಂದುಕೊಳ್ಳುತ್ತಾರೆ. ಆದರೆ ಎರಡನೆಯದು ಸಂಗೀತದಿಂದಲೇ ಸೋರಿಹೋಗಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 2: ಟ್ರೈಲರ್ ಕೇಳುವ ಪ್ರಶ್ನೆ ಬೇರೆ ಇರಲಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಈ ಕಥೆಗೆ ತಕ್ಷಣ ಹೊಳೆಯುವ ಪ್ರಶ್ನೆ "ಮೂಟೆ ಕದಿಯುತ್ತಿರುವವರು ಯಾರು?" ಎಂದು. ಟ್ರೈಲರ್‌ನಲ್ಲಿ ಅದನ್ನು ಕೇಳಿದಿರೋ, ಕೆಲಸ ಕೆಟ್ಟಿತು. ಯಾಕೆಂದರೆ ಪ್ರಶ್ನೆ "ಯಾರು" ಎಂದಾದ ಕೂಡಲೇ ನೋಡುವವರು ಮುಖಗಳನ್ನು ಎಣಿಸಲು ಶುರು ಮಾಡುತ್ತಾರೆ. ಇಲ್ಲಿ ಮುಖ್ಯವಾಗಿ ಇರುವುದೇ ಮೂರು ಮುಖ. ಮೊಮ್ಮಗ ಹುಡುಕುವವನು, ಅವನಲ್ಲ. ರೈಟರ್ ಮೇಲೆ ಎಲ್ಲರ ಅನುಮಾನ ಇದೆ, ಅಂದಮೇಲೆ ಅವರೂ ಅಲ್ಲ, ಇಷ್ಟು ಸಿನಿಮಾ ನೋಡಿದವರಿಗೆ ಅದು ಗೊತ್ತೇ ಇರುತ್ತದೆ. ಉಳಿದವರು ಅಜ್ಜ. ನೀವು ಏನನ್ನೂ ತೋರಿಸದಿದ್ದರೂ ಲೆಕ್ಕ ಮುಗಿಯಿತು.

ಟ್ವಿಸ್ಟ್ ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ಟ್ರೈಲರ್ ಕೇಳಬಾರದು. ಅದರ ಪಕ್ಕದಲ್ಲಿರುವ ಇನ್ನೊಂದು ಪ್ರಶ್ನೆ ಹುಡುಕಬೇಕು. ಆ ಪ್ರಶ್ನೆ ಚಿತ್ರದ ಮೊದಲರ್ಧದಲ್ಲೇ ಹುಟ್ಟಬೇಕು, ಅದರಲ್ಲಿ ಯಾರೋ ಒಬ್ಬರು ಏನೋ ಒಂದು ಕಳೆದುಕೊಳ್ಳುವ ಹಾಗಿರಬೇಕು, ಉತ್ತರ ಎರಡು ಕಡೆಗೂ ಹೋಗುವ ಹಾಗಿರಬೇಕು. ನಮ್ಮ ಚಿತ್ರದಲ್ಲಿ ಅಂಥದ್ದು ಸಿಕ್ಕಿತು: ಅಜ್ಜನ ಕಾಲದಿಂದ ಮನೆ ಅನ್ನ ಉಂಡ ರೈಟರನ್ನು ಈ ಹುಡುಗ ಕೆಲಸದಿಂದ ತೆಗೆಯುತ್ತಾನಾ? ಈ ಪ್ರಶ್ನೆ ಕೇಳಿದಾಗ ನೋಡುವವರ ಕಣ್ಣು ಇಬ್ಬರ ಮೇಲೆ ನಿಲ್ಲುತ್ತದೆ. ಮೂಟೆ ಕದ್ದವರು ಯಾರು ಎನ್ನುವುದು ಹಿಂದೆ ಸರಿಯುತ್ತದೆ, ಕದ್ದದ್ದು ರೈಟರೇ ಇರಬಹುದು ಎಂದು ಸುಮ್ನೆ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತಾರೆ.

ಇದು ಮೋಸ ಅಲ್ವಾ ಎಂದು ನಿರ್ದೇಶಕರು ಕೇಳಿದರು. ಅಲ್ಲ. ಈ ಪ್ರಶ್ನೆ ಚಿತ್ರದಲ್ಲಿ ನಿಜವಾಗಿಯೂ ಇದೆ, ಅದಕ್ಕೆ ಉತ್ತರವೂ ಸಿಗುತ್ತದೆ. ಚಿತ್ರದಲ್ಲಿ ಇಲ್ಲದ ಕೊಲೆಯನ್ನೋ ದೆವ್ವವನ್ನೋ ಟ್ರೈಲರ್‌ನಲ್ಲಿ ಸೂಚಿಸಿದರೆ ಅದು ಮೋಸ.

ಹಂತ 3: ಶಾಟ್‌ಗಳಿಗೆ ಬಣ್ಣ ಹಚ್ಚಿ

ಈಗ ಚಿತ್ರದ ಅಂತಿಮ ಟೈಮ್‌ಲೈನ್ ತೆರೆಯಿರಿ. ಡಾವಿಂಚಿ ರಿಸಾಲ್ವ್ ಬಳಸುವವರಾದರೆ ಮೊದಲು `Duplicate Timeline` ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಪ್ರತಿ ಶಾಟ್ ಮೇಲೆ ರೈಟ್ ಕ್ಲಿಕ್ ಮಾಡಿ `Clip Color` ಕೊಡುತ್ತಾ ಹೋಗಿ. ಬೇರೆ ಸಾಫ್ಟ್‌ವೇರ್‌ಗಳಲ್ಲೂ ಇಂಥ ಸೌಲಭ್ಯ ಇರುತ್ತದೆ. ಯಾವ ಬಣ್ಣವಾದರೂ ಸರಿ, ನಾನು ಕೆಂಪು, ಹಳದಿ, ಹಸಿರು ಎಂದು ಇಟ್ಟುಕೊಳ್ಳುತ್ತೇನೆ.

ಕೆಂಪು ಎಂದರೆ ಆ ಶಾಟ್ ಒಂದೇ ಸಾಕು, ಟ್ವಿಸ್ಟ್ ಗೊತ್ತಾಗುತ್ತದೆ. ಹಳೇ ಪಲ್ಪರ್ ಮನೆಯಲ್ಲಿ ಮೂಟೆಗಳ ಮಧ್ಯೆ ಅಜ್ಜ ಕೂತಿರುವುದು ಕೆಂಪು. ಹಸಿರು ಎಂದರೆ ಎಲ್ಲಿಟ್ಟರೂ ತೊಂದರೆ ಇಲ್ಲ. ಕಣದಲ್ಲಿ ಕಾಫಿ ಹರಡುವುದು, ಮೊಮ್ಮಗ ಲೆಕ್ಕದ ಪುಸ್ತಕ ನೋಡುವುದು, ಇವೆಲ್ಲ ಹಸಿರು.

ತೊಂದರೆ ಕೊಡುವುದು ಹಳದಿ. ಮೊದಲ ಸಲ ನೋಡಿದಾಗ ಏನೂ ಅನಿಸದ, ಚಿತ್ರ ಮುಗಿದ ಮೇಲೆ ಮಾತ್ರ ಅರ್ಥ ಬರುವ ಶಾಟ್‌ಗಳಿವು. ಎರಡನೇ ನಿಮಿಷದಲ್ಲಿ ಅಜ್ಜ ಅಂಗಳದಲ್ಲಿ ಕೂತು ಕೈಗಾಡಿಯ ಚಕ್ರಕ್ಕೆ ಎಣ್ಣೆ ಬಿಡುತ್ತಾರೆ. ಚಿತ್ರದಲ್ಲಿ ಅದು ಹಳ್ಳಿ ಮನೆಯ ಒಂದು ದಿನಚರಿ ಅಷ್ಟೇ. ಆರನೇ ನಿಮಿಷದಲ್ಲಿ, ಕತ್ತಲಲ್ಲಿ ಮಣ್ಣಿನ ದಾರಿಯ ಮೇಲೆ ಚಕ್ರದ ಗುರುತು ಕಾಣುತ್ತದೆ. ಚಿತ್ರದಲ್ಲಿ ಇವೆರಡರ ಮಧ್ಯೆ ನಾಲ್ಕು ನಿಮಿಷ ಇದೆ, ನೋಡುವವರು ಮೊದಲನೆಯದನ್ನು ಮರೆತಿರುತ್ತಾರೆ. ಟ್ರೈಲರ್‌ನಲ್ಲಿ ಆ ಅಂತರ ಹೆಚ್ಚೆಂದರೆ 20 ಸೆಕೆಂಡ್ ಇರುತ್ತದೆ. ಯಾರೂ ಮರೆಯುವುದಿಲ್ಲ. ಎರಡು ಹಳದಿ ಒಂದೇ ವಸ್ತುವಿನ ಬಗ್ಗೆ ಇದ್ದರೆ ಅವೆರಡೂ ಸೇರಿ ಕೆಂಪಾಗುತ್ತವೆ. ನಾನು ಚಕ್ರದ ಗುರುತು ಇಟ್ಟುಕೊಂಡೆ, ಎಣ್ಣೆ ಬಿಡುವ ಶಾಟ್ ಬಿಟ್ಟೆ. ಅದು ಇಡೀ ಚಿತ್ರದಲ್ಲೇ ಚೆಂದದ ಬೆಳಕಿನ ಶಾಟ್, ಕ್ಯಾಮೆರಾಮನ್‌ಗೆ ಬೇಜಾರಾಯಿತು. ಆದರೂ ಬಿಡಲೇಬೇಕು.

ಡೈಲಾಗ್‌ಗಳಿಗೂ ಇದೇ ಬಣ್ಣ ಹಚ್ಚಿ. ಒಂದೇ ಮಾತಿನಲ್ಲಿ ಅರ್ಧ ಹಸಿರು, ಅರ್ಧ ಹಳದಿ ಇರುವುದೂ ಉಂಟು. ರೈಟರ್ ಮೇಜಿನ ಮೇಲೆ ಬೀಗದ ಕೈ ಇಟ್ಟು ಹೀಗೆ ಹೇಳುತ್ತಾರೆ: "ಬೀಗದ ಕೈ ತಗೊಳಿ, ಚಿಕ್ಕ ಗೌಡ್ರೆ. ನಾಳೆನೂ ಮೂಟೆ ಹೋದ್ರೆ ಯಾರನ್ನ ಕೇಳ್ತೀರ?" ಮಾತೇನೋ ಜೋರಾಗಿದೆ. ಆದರೆ ಎರಡನೇ ವಾಕ್ಯ ಕೇಳಿದ ಕೂಡಲೇ ರೈಟರ್ ಕಳ್ಳ ಅಲ್ಲ ಎಂದು ಗೊತ್ತಾಗುತ್ತದೆ, ಮತ್ತೆ "ಯಾರು" ಎನ್ನುವ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಮೊದಲ ವಾಕ್ಯ ಇಟ್ಟುಕೊಂಡು ಎರಡನೆಯದನ್ನು ಕತ್ತರಿಸಿದೆ.

ಹಂತ 4: ಗುಟ್ಟು ಹೊತ್ತ ಪಾತ್ರವನ್ನು ಎಲ್ಲಿಡಬೇಕು

ಅಜ್ಜನನ್ನು ಪೂರ್ತಿ ಬಿಟ್ಟುಬಿಡೋಣ ಎಂದು ಎಲ್ಲರೂ ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ಟ್ರೈಲರ್‌ನಲ್ಲಿ ಇಲ್ಲದ ಹಿರಿಯರೊಬ್ಬರು ಚಿತ್ರದ ಮೊದಲ ದೃಶ್ಯದಲ್ಲೇ ಕಂಡರೆ, ಇವರನ್ನು ಯಾಕೆ ಮುಚ್ಚಿಟ್ಟಿದ್ದರು ಎಂದು ಜಾಣ ನೋಡುಗ ಯೋಚಿಸುತ್ತಾನೆ. ಒಂದು ಸಲ ತೋರಿಸಿ, ಆದರೆ ಎಲ್ಲಿ ಎನ್ನುವುದು ಮುಖ್ಯ.

ಟ್ರೈಲರ್‌ನಲ್ಲಿ ಕೆಲವು ಜಾಗಗಳಿಗೆ ತೂಕ ಜಾಸ್ತಿ. ಕೊನೆಯ ಶಾಟ್, ಕಪ್ಪು ಪರದೆ ಆದ ಕೂಡಲೇ ಬರುವ ಶಾಟ್, ಮಾತಿಲ್ಲದ ಕ್ಲೋಸಪ್. ಅಲ್ಲಿ ಯಾರನ್ನು ಇಟ್ಟರೂ ಅವರ ಹತ್ತಿರ ಏನೋ ಇದೆ ಅನಿಸುತ್ತದೆ. ಆ ಜಾಗಗಳಲ್ಲಿ ಅಜ್ಜ ಬರಲೇಬಾರದು. ಹಾಗೆಯೇ ಮೂಟೆ ಕಾಣೆಯಾದ ಸುದ್ದಿ ಬಂದ ಮೇಲೆ ಅವರ ಮುಖ ತೋರಿಸಿದರೆ, ಅದು ಎಷ್ಟೇ ಸಾದಾ ಶಾಟ್ ಆಗಿರಲಿ, ನೋಡುವವರು ಅದನ್ನು ಸುದ್ದಿಗೆ ಅವರ ಪ್ರತಿಕ್ರಿಯೆ ಎಂದೇ ಓದಿಕೊಳ್ಳುತ್ತಾರೆ. ಪಕ್ಕದ ಶಾಟ್ ಬದಲಾದರೆ ಒಂದೇ ಮುಖದ ಅರ್ಥ ಬದಲಾಗುತ್ತದೆ ಎನ್ನುವುದು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಹೆಸರಿನಲ್ಲೇ ಎಡಿಟಿಂಗ್ ಪಾಠಗಳಲ್ಲಿ ಬರುತ್ತದೆ, ನೂರು ವರ್ಷ ಹಳೆಯ ವಿಷಯ. ಟ್ರೈಲರ್ ಕಟ್ ಮಾಡುವವರಿಗೆ ಅದೇ ದೊಡ್ಡ ಅನುಕೂಲ, ಅದೇ ದೊಡ್ಡ ಅಪಾಯ.

ಹಾಗಾಗಿ ಅಜ್ಜ ಬರುವುದು ಎಂಟನೇ ಸೆಕೆಂಡಿಗೆ, ಮೂಟೆಯ ಸುದ್ದಿ ಬರುವ ಮೊದಲು. ಎಲ್ಲರೂ ಊಟಕ್ಕೆ ಕೂತ ವೈಡ್ ಶಾಟ್. ಸುಮಾರು ಎರಡು ಸೆಕೆಂಡ್, ಮಾತಿಲ್ಲ. ಪ್ರಶ್ನೆಯೇ ಹುಟ್ಟದ ಜಾಗದಲ್ಲಿ ಅವರನ್ನು ನೋಡಿದ್ದರಿಂದ ಆಮೇಲೆ ಅವರು ನೆನಪಿಗೆ ಬರುವುದಿಲ್ಲ.

ಹಂತ 5: ಮೊದಲು ಕಿವಿಗೆ ಕಟ್ ಮಾಡಿ

ಚಿತ್ರ ಜೋಡಿಸುವ ಮೊದಲು ಬರೀ ಮಾತುಗಳನ್ನು ಜೋಡಿಸಿ. ಕಣ್ಣು ಮುಚ್ಚಿ ಕೇಳಿದರೆ ಪ್ರಶ್ನೆ ಹುಟ್ಟಬೇಕು. 16 ನಿಮಿಷದ ಚಿತ್ರಕ್ಕೆ ಒಂದು ನಿಮಿಷದ ಒಳಗಿನ ಟ್ರೈಲರ್ ಸಾಕು ಅನ್ನುವುದು ನನ್ನ ಲೆಕ್ಕ. ಅದರಲ್ಲಿ ಆರೇಳು ಮಾತಿಗಿಂತ ಜಾಸ್ತಿ ಹಿಡಿಯುವುದಿಲ್ಲ. ನಮ್ಮದು ಹೀಗೆ ಬಂತು:

"ನಾಲ್ಕು ಮೂಟೆ ಕಮ್ಮಿ ಇದೆ."
"ರಾತ್ರಿ ಬೀಗ ಹಾಕಿದ್ದು ನೀವೇ ತಾನೇ?"
"ನಿಮ್ಮಪ್ಪ ಹುಟ್ಟೋಕೆ ಮುಂಚಿಂದ ನಾನೇ ಹಾಕ್ತಿರೋದು."
"ಹಾಗಾದ್ರೆ ಮೂಟೆಗೆ ಕಾಲು ಬಂತಾ?"
"ಬೀಗದ ಕೈ ತಗೊಳಿ, ಚಿಕ್ಕ ಗೌಡ್ರೆ."

ಇದು ಚಿತ್ರದ ಮೂರು ಬೇರೆ ಬೇರೆ ದೃಶ್ಯಗಳ ಮಾತು. ಒಂದೇ ಜಗಳದ ಹಾಗೆ ಕೇಳುತ್ತದೆ. ತುಟಿ ಹೊಂದದ ಕಡೆ ಕೇಳಿಸಿಕೊಳ್ಳುವವರ ಮುಖವನ್ನೋ ತೋಟದ ಶಾಟನ್ನೋ ಇಟ್ಟರೆ ಆಯಿತು.

ಈ ಕೆಲಸಕ್ಕೆ ಚಿತ್ರದ ಮಾತು, ಸಂಗೀತ, ಶಬ್ದ ಮೂರೂ ಬೇರೆ ಬೇರೆ ಟ್ರ್ಯಾಕ್‌ಗಳಾಗಿ ಬೇಕು. ಎಲ್ಲ ಸೇರಿಸಿ ಎಕ್ಸ್‌ಪೋರ್ಟ್ ಮಾಡಿದ ಫೈಲಿನಿಂದ ಕಟ್ ಮಾಡಿದರೆ ಪ್ರತಿ ಕಟ್‌ನಲ್ಲೂ ಹಿಂದಿನ ಸಂಗೀತ ಎಗರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಗುಟ್ಟು ಶಬ್ದದಿಂದ ಸೋರುವುದು. ರಾತ್ರಿಯ ದೃಶ್ಯದಲ್ಲಿ ನಾಯಿ ಬೊಗಳುವುದರ ಕೆಳಗೆ ಸಣ್ಣದಾಗಿ ಕೈಗಾಡಿಯ ಕಿರ್ ಕಿರ್ ಸದ್ದಿದೆ, ಅದರ ಹಿಂದೆ ಅಜ್ಜನ ಕೆಮ್ಮು. ಚಿತ್ರದಲ್ಲಿ ಬೇಕೆಂದೇ ಇಟ್ಟದ್ದು ಅದು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ, ಇಯರ್‌ಫೋನ್ ಹಾಕಿದವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಬಳಸಿದ ಪ್ರತಿ ಶಬ್ದದ ಟ್ರ್ಯಾಕನ್ನೂ ಸೋಲೋ ಮಾಡಿ ಒಂದೊಂದಾಗಿ ಕೇಳಿ. ನಾನು ಆ ಟ್ರ್ಯಾಕ್ ತೆಗೆದು ಜೀರುಂಡೆ ಸದ್ದು, ಒಂದು ನಾಯಿ, ಇಷ್ಟೇ ಇಟ್ಟೆ.

ಇನ್ನು ಸಂಗೀತ. ಚಿತ್ರದ ಕೊನೆಗೆ ಕೊಳಲಿನಲ್ಲಿ ಬರುವ ಅಜ್ಜನ ರಾಗವೇ ಚಿತ್ರದ ಒಳ್ಳೇ ಸಂಗೀತ. ಟ್ರೈಲರ್‌ಗೂ ಅದನ್ನೇ ಹಾಕಿ ಎಂದು ಎಲ್ಲರಿಗೂ ಆಸೆ. ಹಾಕಬಾರದು. ಕಳ್ಳತನದ ಕಥೆಗೆ ಕರುಳು ಹಿಂಡುವ ಕೊಳಲು ಯಾಕೆ ಎಂಬ ಅನುಮಾನ ಬಂದರೆ, ಇದು ಕಳ್ಳತನ ಅಲ್ಲ ಎನ್ನುವ ಎರಡನೇ ಗುಟ್ಟು ಹೋಯಿತು. ಟ್ರೈಲರ್‌ನ ಸಂಗೀತ ಚಿತ್ರದ ಮೊದಲರ್ಧದ ಭಾವನೆಯಲ್ಲೇ ಇರಲಿ. ಪಲ್ಪರ್ ಯಂತ್ರ ತಿರುಗುವ ಸದ್ದನ್ನೇ ತಾಳ ಮಾಡಿಕೊಂಡು ಕೆಳಗೆ ಒಂದು ತಂಬೂರಿಯ ಶ್ರುತಿ ಹಿಡಿದೆವು, ಅಷ್ಟೇ ಸಾಕಾಯಿತು. ಸಿನಿಮಾ ಹಾಡಿನ ತುಣುಕು ಮಾತ್ರ ಬೇಡ, ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬರುತ್ತದೆ.

ಹಂತ 6: ಜೋಡಣೆ

ನಮ್ಮ 56 ಸೆಕೆಂಡ್ ಹೀಗಿದೆ. ಮೊದಲ 12 ಸೆಕೆಂಡ್ ನಿಧಾನ: ಮಂಜು, ಕಣ, ಕಾಫಿ ಹರಡುವ ಕೈಗಳು, ಊಟದ ವೈಡ್ ಶಾಟ್. ಶಾಟ್‌ಗಳು ಎರಡು ಮೂರು ಸೆಕೆಂಡಿನವು. ಮೊದಲ ಶಾಟ್ ಮಾತ್ರ ಮಂಜು ಅಲ್ಲ, ಗೋದಾಮಿನ ಬೀಗಕ್ಕೆ ಕೈ ಹಾಕುವ ಕ್ಲೋಸಪ್. ಫೋನಿನಲ್ಲಿ ನೋಡುವವರು ಮೊದಲ ಎರಡು ಮೂರು ಸೆಕೆಂಡಿಗೇ ಮುಂದಕ್ಕೆ ತಳ್ಳಿಬಿಡುತ್ತಾರೆ, ಮಂಜನ್ನು ನೋಡಿ ಯಾರೂ ನಿಲ್ಲುವುದಿಲ್ಲ.

12ಕ್ಕೆ "ನಾಲ್ಕು ಮೂಟೆ ಕಮ್ಮಿ ಇದೆ." ಅಲ್ಲಿಂದ 34ರವರೆಗೆ ಮೊಮ್ಮಗ, ರೈಟರ್, ಅವರ ಹೆಂಡತಿ ತೋಟದ ಕೆಲಸಗಾರರ ಲೈನ್ ಮನೆ ಬಾಗಿಲಲ್ಲಿ ನಿಂತು ನೋಡುವುದು. 34ರಿಂದ 46ರವರೆಗೆ ರಾತ್ರಿ: ಟಾರ್ಚ್, ಚಕ್ರದ ಗುರುತು, ಓಡುವ ಕಾಲು, ತೆರೆದ ಬೀಗ. ಇಲ್ಲಿ ಶಾಟ್‌ಗಳನ್ನು ಒಂದೇ ಅಳತೆಗೆ ಕತ್ತರಿಸಬೇಡಿ. ಒಂದೂವರೆ ಸೆಕೆಂಡ್, ಒಂದು, ಅರ್ಧ, ಮತ್ತೆ ದಿಢೀರನೆ ಎರಡು ಸೆಕೆಂಡಿನ ಒಂದು ಶಾಟ್. ಎಲ್ಲವೂ ಒಂದೇ ವೇಗದಲ್ಲಿ ಹೋದರೆ ಕಣ್ಣು ಒಗ್ಗಿಕೊಂಡುಬಿಡುತ್ತದೆ.

ಕೆಂಪು ಶಾಟನ್ನು ನಾಲ್ಕೈದು ಫ್ರೇಮ್ ಮಿಂಚಿನ ಹಾಗೆ ತೋರಿಸೋಣ, ಯಾರಿಗೂ ಕಾಣುವುದಿಲ್ಲ ಎನ್ನುವ ಸಲಹೆ ಈ ಹಂತದಲ್ಲಿ ಖಂಡಿತ ಬರುತ್ತದೆ. ಬೇಡ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೋ ನಿಲ್ಲಿಸಿ `,` ಮತ್ತು `.` ಒತ್ತಿದರೆ ಒಂದೊಂದೇ ಫ್ರೇಮ್ ನೋಡಬಹುದು. ಒಬ್ಬರು ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಸಾಕು.

46ಕ್ಕೆ ಕಪ್ಪು, ಎರಡು ಸೆಕೆಂಡ್, ಪೂರ್ತಿ ಮೌನ. ಆಮೇಲೆ ಕೊನೆಯ ಶಾಟ್: ಮೇಜಿನ ಮೇಲೆ ಬೀಗದ ಕೈ, "ತಗೊಳಿ, ಚಿಕ್ಕ ಗೌಡ್ರೆ" ಎನ್ನುವ ಮಾತು, ಮೊಮ್ಮಗನ ಕೈ ಮುಂದೆ ಬಂದು ನಿಲ್ಲುತ್ತದೆ. ಅವನು ತೆಗೆದುಕೊಳ್ಳುವುದಕ್ಕೆ ಎಂಟು ಫ್ರೇಮ್ ಮೊದಲು ಕಟ್. ಚಿತ್ರದಲ್ಲಿ ತೆಗೆದುಕೊಳ್ಳುತ್ತಾನೆ. ಟ್ರೈಲರ್‌ನಲ್ಲಿ ಕೈ ಬೀಗದ ಕೈ ಮುಟ್ಟಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ. ಆಮೇಲೆ ಚಿತ್ರದ ಹೆಸರು, ದಿನಾಂಕ.

ಹಂತ 7: ಗೊತ್ತಿಲ್ಲದವರಿಗೆ ತೋರಿಸಿ, ವಿಷಯ ಗೊತ್ತಿರುವವರಿಗೂ ತೋರಿಸಿ

ತಂಡದವರಿಗೆ ತೋರಿಸಿ ಪ್ರಯೋಜನ ಇಲ್ಲ, ಅವರಿಗೆ ಕಥೆ ಗೊತ್ತು. ಕಥೆಯ ಗಂಧವೇ ಇಲ್ಲದ ನಾಲ್ಕೈದು ಜನ ಬೇಕು. ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ, ಅವರದೇ ಫೋನಿನಲ್ಲಿ, ಒಂದೇ ಸಲ ತೋರಿಸಿ. "ಹೇಗಿದೆ?" ಎಂದು ಕೇಳಬೇಡಿ, ಎಲ್ಲರೂ ಸೂಪರ್ ಎನ್ನುತ್ತಾರೆ. "ಇದು ಯಾರ ಕಥೆ?", "ಮುಂದೆ ಏನಾಗಬಹುದು?" ಎಂದು ಮಾತ್ರ ಕೇಳಿ. ರೈಟರ್ ಹೆಸರು ಬಂದರೆ ಟ್ರೈಲರ್ ಕೆಲಸ ಮಾಡುತ್ತಿದೆ. ಅಜ್ಜ ಎಂದು ಯಾರಾದರೂ ಹೇಳಿದರೆ ಯಾವ ಶಾಟ್‌ನಿಂದ ಹಾಗನಿಸಿತು ಎಂದು ಕೇಳಿ. ಏನಾಗಬಹುದು ಎಂಬ ಊಹೆಯೇ ಯಾರಲ್ಲೂ ಹುಟ್ಟದಿದ್ದರೆ ಅದು ಇನ್ನೂ ಕೆಟ್ಟದ್ದು, ತೀರಾ ಮುಚ್ಚಿಟ್ಟಿದ್ದೀರಿ ಎಂದರ್ಥ.

ಒಂದು ಹಂತದಲ್ಲಿ "ಬೋರ್ಡಿನವರು ಬಂದ್ರಾ?" ಎನ್ನುವ ಅಜ್ಜನ ಧ್ವನಿ ಕಪ್ಪು ಪರದೆಯ ಮೇಲಿತ್ತು. ಹಾಸನದ ಕಾಲೇಜು ಹುಡುಗರಿಗೆ ಅದು ಬಹಳ ಹಿಡಿಸಿತು. ಯಾವ ಬೋರ್ಡು, ಯಾಕೆ ಬರಬೇಕು ಎಂದು ಕೇಳಿದರು, ಕುತೂಹಲ ಸರಿಯಾಗಿಯೇ ಕೆಲಸ ಮಾಡಿತ್ತು. ಆಮೇಲೆ ಚಿಕ್ಕಮಗಳೂರಿನ ಒಬ್ಬ ಹಿರಿಯ ಬೆಳೆಗಾರರಿಗೆ ತೋರಿಸಿದೆವು. "ಪೂಲ್ ಕಾಲದ ಮುದುಕರು ಯಾರೋ ಮೂಟೆ ಅಡಗಿಸ್ತಿದಾರೆ ಅಲ್ವೇನಪ್ಪ" ಎಂದುಬಿಟ್ಟರು. 1996ರ ಹೊತ್ತಿಗೆ ಪೂಲ್ ಮುಗಿದು ಕಾಫಿ ಮಾರಾಟ ಮುಕ್ತವಾಯಿತು. ಅದಕ್ಕೂ ಹಿಂದೆ ತೋಟ ನಡೆಸಿದವರಿಗೆ ಆ ಎರಡು ಪದ ಸಾಕು. ನಮ್ಮ ಚಿತ್ರವನ್ನು ಮೊದಲು ನೋಡುವವರೇ ಅವರು. ಆ ಮಾತು ಹೋಯಿತು, ಆ ಜಾಗಕ್ಕೆ ಮೌನ ಬಂತು. ನಿಮ್ಮ ಟ್ವಿಸ್ಟ್ ಯಾವ ಕಸುಬಿಗೆ, ಊರಿಗೆ ಸೇರಿದ್ದೋ ಅಲ್ಲಿಯವರೊಬ್ಬರು ಪರೀಕ್ಷೆಯಲ್ಲಿ ಇರಲೇಬೇಕು.

ಕೊನೆಗೆ ಚಿತ್ರ ನೋಡಿದ ಒಬ್ಬರಿಗೂ ತೋರಿಸಿ. "ಮೋಸ ಮಾಡಿದ್ರಿ" ಎನ್ನುತ್ತಾರಾ, "ಓ, ಇಲ್ಲೇ ಇತ್ತಲ್ಲ" ಎನ್ನುತ್ತಾರಾ ನೋಡಿ. ಎರಡನೆಯದು ಬರಬೇಕು. ಚಕ್ರದ ಗುರುತು ಇಟ್ಟುಕೊಂಡದ್ದು ಇದಕ್ಕೇ.

ಹಂತ 8: ಕಟ್ ಆಚೆಗೆ ಸೋರುವ ಜಾಗಗಳು

ಟ್ರೈಲರ್ ಎಷ್ಟೇ ಬಿಗಿಯಾಗಿದ್ದರೂ ಥಂಬ್‌ನೇಲ್‌ನಲ್ಲಿ ಅಜ್ಜನ ದೊಡ್ಡ ಮುಖ ಹಾಕಿದರೆ ಮುಗಿಯಿತು. ವಿವರಣೆಯಲ್ಲಿ ಪಾತ್ರಗಳ ಹೆಸರು ಬರೆಯುವಾಗ ಅಜ್ಜನ ಪಾತ್ರಧಾರಿ ಮೊದಲು ಬಂದರೆ ಅದೂ ಸುಳಿವೇ, ಅವರು ಹಿರಿಯ ರಂಗಕಲಾವಿದರಾಗಿದ್ದರೂ ಸರಿ, ಟ್ರೈಲರ್ ಮಟ್ಟಿಗೆ ಕಾಣಿಸಿಕೊಳ್ಳುವ ಕ್ರಮದಲ್ಲೇ ಹಾಕಲು ಅವರನ್ನು ಕೇಳಿ ಒಪ್ಪಿಸಿ. "ಮರೆವು", "ನೆನಪು" ಎನ್ನುವ ಹ್ಯಾಷ್‌ಟ್ಯಾಗ್ ಬೇಡ. ಸಬ್‌ಟೈಟಲ್‌ನಲ್ಲಿ ಕತ್ತರಿಸಿದ ಮಾತಿನ ಉಳಿದರ್ಧ ಹಾಗೇ ಉಳಿದಿರುತ್ತದೆ, ಚಿತ್ರದ ಸಬ್‌ಟೈಟಲ್ ಫೈಲನ್ನೇ ನಕಲು ಮಾಡಿದರೆ ಹೀಗಾಗುತ್ತದೆ, ಒಂದೊಂದೇ ಸಾಲು ನೋಡಿ.

ರೀಲ್ಸ್‌ಗೆ ವರ್ಟಿಕಲ್ ಆವೃತ್ತಿ ಮಾಡುವಾಗ ಇನ್ನೊಂದು ಎಚ್ಚರ. ಊಟದ ವೈಡ್ ಶಾಟನ್ನು 9:16ಕ್ಕೆ ಕ್ರಾಪ್ ಮಾಡಿದಾಗ ಮಧ್ಯದಲ್ಲಿ ಉಳಿದದ್ದು ಅಜ್ಜ ಒಬ್ಬರೇ. ವೈಡ್ ಶಾಟ್ ಹೋಗಿ ಅವರ ಕ್ಲೋಸಪ್ ಆಗಿಬಿಟ್ಟಿತ್ತು. ಆ ಆವೃತ್ತಿಯಲ್ಲಿ ಫ್ರೇಮನ್ನು ಎಡಕ್ಕೆ ಸರಿಸಿ ಮೊಮ್ಮಗನನ್ನು ಮಧ್ಯಕ್ಕೆ ತಂದು ಅಜ್ಜನ ಭುಜ ಮಾತ್ರ ಕಾಣುವ ಹಾಗೆ ಮಾಡಿದೆ. ಆಟೋ ಕ್ರಾಪ್ ನಂಬಬೇಡಿ, ಪ್ರತಿ ಶಾಟನ್ನೂ ಕೈಯಲ್ಲೇ ಹೊಂದಿಸಿ.

ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದ ಫ್ರೇಮ್ ರೇಟನ್ನೇ ಇಟ್ಟುಕೊಳ್ಳಿ, 24 ಇದ್ದರೆ 24. ಶಬ್ದ ಎಷ್ಟು ಜೋರು ಎಂದು ಅಳೆಯುವ LUFS ಲೆಕ್ಕದಲ್ಲಿ ಅದನ್ನು ಸುಮಾರು -14 ಹತ್ತಿರ ಇಡಿ, ಅದಕ್ಕಿಂತ ಜೋರಾಗಿದ್ದರೆ ಯೂಟ್ಯೂಬೇ ತಗ್ಗಿಸುತ್ತದೆ. ಅಪ್‌ಲೋಡ್ ಮಾಡಿದ ಮೇಲೆ ಮೊದಲು `Unlisted` ಇಟ್ಟು, ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ನಿಂತು ಫೋನಿನಲ್ಲಿ ಒಮ್ಮೆ ನೋಡಿ. ರಾತ್ರಿಯ ಶಾಟ್‌ಗಳಲ್ಲಿ ಚಕ್ರದ ಗುರುತು ಕಾಣದಿದ್ದರೆ ಆ ನಾಲ್ಕು ಶಾಟ್‌ಗಳ ಬೆಳಕನ್ನು ಮಾತ್ರ ಸ್ವಲ್ಪ ಏರಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.